ಕಮಾನಿನ ಮೇಲಿನ ಹೆಸರು

ಬೈಗುಳದ ಪತ್ರಗಳು ನಮಗೆ ಹೊಸದಲ್ಲ. ಆಂಧ್ರದ ಗಡಿಯ ಆದವಾನಿಯಿಂದ ಹೊರಡುವ ಕನ್ನಡ ವಾರಪತ್ರಿಕೆ ನಮ್ಮದು. ಓದುಗರಲ್ಲಿ ಅರ್ಧ ಜನ ಪ್ರೀತಿಯಿಂದಲೇ ಬೈಯುತ್ತಾರೆ. ಹೊಳಗುಂದದ ಬಸ್ಸಿನ ಸಮಯ ತಪ್ಪು ಹಾಕಿದಿರಿ ಎಂದು ಒಬ್ಬರು, ಮಾಧವರಂ ಕಡೆ ನಿಮ್ಮವರು ಕಾಲಿಡುವುದೇ ಇಲ್ಲ ಎಂದು ಇನ್ನೊಬ್ಬರು, ತೆಲುಗು ಪೇಪರಿನವರು ನಿಮಗಿಂತ ಮೊದಲೇ ಬರೆದರು ಎಂದು ಮತ್ತೊಬ್ಬರು. ಅವನ್ನೆಲ್ಲ ಓದಿ, ಒಳಗೊಳಗೇ ನಕ್ಕು, ಎರಡು ಸಾಲಿನ ಉತ್ತರ ಬರೆದು ಮುಂದಿನ ಕೆಲಸ ನೋಡುತ್ತೇನೆ.

ಆ ಸೋಮವಾರ ಬಂದ ಪತ್ರ ಹಾಗಿರಲಿಲ್ಲ. ಆಳಿನ ಕೈಯಲ್ಲಿ ಕಳಿಸಿದ್ದರು. ತಲುಪಿದ್ದಕ್ಕೆ ನನ್ನಿಂದ ಸಹಿ ಹಾಕಿಸಿಕೊಂಡೇ ಆತ ಹೋದ. ಅಕ್ಷರ ಮುತ್ತಿನಂತಿತ್ತು, ಮಾತು ಮಾತ್ರ ಕೆಂಡ.

"ಸಂಪಾದಕರೇ, ನನ್ನ ತಂದೆಯ ಹೆಸರನ್ನು ನಿಮ್ಮ ಮೊದಲ ಪುಟದಲ್ಲಿ ಬೀದಿಪಾಲು ಮಾಡಿದ್ದೀರಿ. ಆ ಮಿಲ್ಲಿಗೂ ನಮ್ಮ ಮನೆತನಕ್ಕೂ ಯಾವ ಸಂಬಂಧವೂ ಇಲ್ಲ. ನನಗೆ ಒಂದು ಫೋನ್ ಕೂಡ ಮಾಡದೆ 'ಮಾಲೀಕರು ಸಂಪರ್ಕಕ್ಕೆ ಸಿಗಲಿಲ್ಲ' ಎಂದು ಬರೆದಿದ್ದೀರಿ. ಬೆಲ್ಟಿಗೆ ಜಾಲರಿ ಇರಲಿಲ್ಲ ಎಂಬುದೂ ಸುಳ್ಳು. ಶನಿವಾರದಿಂದ ಗುರುತಿಲ್ಲದ ಜನ ನನ್ನ ಮನೆಯ ಕಟ್ಟೆಯ ಮೇಲೆ ಕೂತು ಪರಿಹಾರ ಕೇಳುತ್ತಿದ್ದಾರೆ. ಈ ಪತ್ರವನ್ನು ಒಂದಕ್ಷರ ಬಿಡದೆ ಮೊದಲ ಪುಟದಲ್ಲಿ ಹಾಕಿ. ಇಲ್ಲವಾದರೆ ಕೋರ್ಟಿನಲ್ಲಿ ಭೇಟಿಯಾಗೋಣ."

ಕೆಳಗೆ ಸಹಿ ಮಾಡಿದವರು ಊರಿನ ಹಳೆಯ ಹತ್ತಿ ವ್ಯಾಪಾರಿ. ಎಲ್ಲರೂ ಅವರನ್ನು ಸಾವ್ಕಾರರು ಎನ್ನುತ್ತಾರೆ. ಅವರ ತಂದೆ ಕಟ್ಟಿಸಿದ ಹತ್ತಿಯ ಜಿನ್ನಿಂಗ್ ಮಿಲ್ಲನ್ನು ಊರು ಇವತ್ತಿಗೂ ಕರೆಯುವುದು ಸಾವ್ಕಾರ ಮಿಲ್ ಎಂದೇ. ಆಟೋದವರಿಗೆ ಹಾಗೆಂದರೆ ಸಾಕು, ಬಾಗಿಲಿಗೆ ಇಳಿಸುತ್ತಾರೆ.

ಹಿಂದಿನ ಶನಿವಾರದ ನಮ್ಮ ವರದಿ ಆ ಮಿಲ್ಲಿನ ಅಪಘಾತದ್ದು. ಹತ್ತಿಯಿಂದ ಕಾಳು ಬಿಡಿಸುವ ಜಿನ್ ಯಂತ್ರಗಳ ಸಾಲುಗಳ ಕೆಳಗೆ ಒಂದು ಉದ್ದನೆಯ ತಗ್ಗು ಇರುತ್ತದೆ. ಯಂತ್ರಗಳನ್ನೆಲ್ಲ ತಿರುಗಿಸುವ ಶಾಫ್ಟು, ಬೆಲ್ಟುಗಳು ಓಡುವುದು ಅಲ್ಲಿ. ಅರಳೆ ಮೇಲೆ ಒಂದು ಕಡೆ ಹೋದರೆ, ಹತ್ತಿಕಾಳು ಕೆಳಗೆ ಉದುರುತ್ತದೆ. ಚೆಲ್ಲಿದ ಕಾಳನ್ನು ಗುಡಿಸಲು ಇಳಿದ ಕೂಲಿ ಹೆಂಗಸಿನ ಸೀರೆಯ ಸೆರಗು ಬೆಲ್ಟಿಗೆ ಸಿಕ್ಕಿ, ಬಿಡಿಸಿಕೊಳ್ಳಲು ಹೋದ ಬಲಗೈ ನುಜ್ಜಾಗಿತ್ತು. ಬೆಲ್ಟಿಗೆ ಅಡ್ಡ ಇರಬೇಕಾದ ತಂತಿ ಜಾಲರಿ ಇರಲಿಲ್ಲ ಎಂದು ಬರೆದಿದ್ದೆವು. ಮಾಲೀಕರು ಎಂದು ಸಾವ್ಕಾರರ ಮನೆತನದ ಹೆಸರು ಹಾಕಿದ್ದೆವು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಪತ್ರ ಓದಿ ಮುಗಿಯುವಷ್ಟರಲ್ಲಿ ತಲೆಯೊಳಗೆ ಉತ್ತರ ಸಿದ್ಧವಾಗಿತ್ತು. "ಬಡವಳ ಕೈ ಹೋದಾಗ ಬರದ ಸಿಟ್ಟು ನಿಮ್ಮ ಹೆಸರು ಬಂದಾಗ ಬಂತೇ?" ಇದು ಅದರ ಮೊದಲ ಸಾಲು. ಟೈಪೂ ಮಾಡಿದೆ. ಬರೆಯುವಾಗ ಬಹಳ ಸುಖವಾಯಿತು. ಅಷ್ಟು ಸುಖ ಕೊಡುವ ಉತ್ತರವನ್ನು ಕಳಿಸಬಾರದು ಎಂಬುದನ್ನು ಈ ಕುರ್ಚಿ ನನಗೆ ಕಲಿಸಿದೆ. ಅಳಿಸಿ, ವರದಿಗಾರನನ್ನು ಕರೆದೆ.

ಅವನು ಕಷ್ಟಪಟ್ಟು ಸುದ್ದಿ ತರುವವನು, ಮೂರು ಮಂಡಲಗಳನ್ನು ಬೈಕಿನ ಮೇಲೇ ಸುತ್ತುತ್ತಾನೆ. ವರದಿಯನ್ನು ಮೇಜಿನ ಮೇಲೆ ಹರಡಿ, ಒಂದೊಂದು ಸಂಗತಿಯ ಕೆಳಗೂ ಗೆರೆ ಹಾಕಿ, ಒಂದೇ ಪ್ರಶ್ನೆ ಕೇಳುತ್ತ ಹೋದೆ. ಇದು ನಿನಗೆ ಹೇಗೆ ಗೊತ್ತು?

ಅಪಘಾತವಾದದ್ದು? ಆಸ್ಪತ್ರೆಯಲ್ಲಿ ಆಕೆಯನ್ನು ನೋಡಿದ್ದ. ಜಾಲರಿ ಇರಲಿಲ್ಲ ಎಂಬುದು? ಅದೇ ಪಾಳಿಯ ಇಬ್ಬರು ಹೆಂಗಸರು ಬೇರೆಬೇರೆಯಾಗಿ ಹೇಳಿದ್ದರು, ಅವರಲ್ಲೊಬ್ಬಾಕೆಯ ಫೋನಿನಲ್ಲಿ ತಗ್ಗಿನ ಫೋಟೋ ಇತ್ತು. ಅದರ ಪ್ರತಿ ಇವನ ಬಳಿ ಇದೆ. ಮಾಲೀಕರು ಸಾವ್ಕಾರರು ಎಂಬುದು?

"ಅದೇನ್ ಕೇಳೋದ್ರಿ ಮೇಡಂ? ಮಿಲ್ಲಿನ ಬಾಗ್ಲ ಕಮಾನಿನ ಮ್ಯಾಲೆ ಅವ್ರಪ್ಪನ ಹೆಸ್ರು ಸಿಮೆಂಟಿನ್ಯಾಗ ಬರ್ದೈತಲ್ರಿ. ಊರೆಲ್ಲಾ ಅಂತೈತಿ."

"ಸಂಪರ್ಕಕ್ಕೆ ಸಿಗಲಿಲ್ಲ ಅಂತ ಬರ್ದೀಯಲ್ಲ, ಯಾರಿಗ್ ಮಾಡಿದ್ದಿ ಫೋನು?"

"ಮಿಲ್ಲಿನ ನಂಬರಿಗ್ರಿ. ರಿಂಗಾತು, ಯಾರೂ ಎತ್ಲಿಲ್ಲ."

"ಸಾವ್ಕಾರ್ರ ಮನಿಗೆ?"

"ಮಾಡಿಲ್ರಿ" ಎಂದ ಅವನು. ಅವನನ್ನು ಬೈಯುವಂತಿರಲಿಲ್ಲ. ಆ ವರದಿ ತಿದ್ದಿ ಪುಟಕ್ಕೆ ಹಾಕಿದವಳು ನಾನೇ. ಚಿಕ್ಕಂದಿನಿಂದ ಆ ಕಮಾನಿನ ಕೆಳಗೆ ಓಡಾಡಿದವಳು. ಹೊರ ಊರಿನ ಯಾವ ಉಪಸಂಪಾದಕನಾದರೂ "ಇವರೇ ನಡೆಸುತ್ತಿದ್ದಾರೆ ಎಂಬುದಕ್ಕೆ ಏನಾಧಾರ?" ಎಂದು ಕೇಳುತ್ತಿದ್ದ. ಊರಿನವರಾದ ನಮಗಿಬ್ಬರಿಗೂ ಆ ಪ್ರಶ್ನೆ ಹೊಳೆಯಲೇ ಇಲ್ಲ.

ಆಮೇಲೆ ಪತ್ರವನ್ನೂ ಹಾಗೇ ಮೇಜಿನ ಮೇಲಿಟ್ಟು ಗೆರೆ ಹಾಕಿದೆ. ಸಿಟ್ಟಿನ ಪತ್ರವೆಂದರೆ ಅದೂ ಒಂದು ವರದಿಯೇ, ಪರೀಕ್ಷೆ ಮಾಡದೆ ಒಪ್ಪುವಂತಿಲ್ಲ, ತಳ್ಳುವಂತೆಯೂ ಇಲ್ಲ. ಫೋನ್ ಮಾಡಲಿಲ್ಲ ಎಂಬುದು ನಿಜ. ಜಾಲರಿಯ ಮಾತು ಸುಳ್ಳು ಎನ್ನುವುದು, ಮಿಲ್ಲಿಗೆ ಸಂಬಂಧವೇ ಇಲ್ಲದವರಿಗೆ ಹೇಗೆ ಗೊತ್ತು? "ಯಾವ ಸಂಬಂಧವೂ ಇಲ್ಲ" ಎಂಬುದನ್ನು ನೋಡಬೇಕು. ಮೂರು ಗೆರೆ ಹಾಕಿ, ಸಾವ್ಕಾರರಿಗೆ ಒಂದು ಚೀಟಿ ಕಳಿಸಿದೆ. ಪತ್ರ ತಲುಪಿದೆ, ಪರಿಶೀಲಿಸುತ್ತಿದ್ದೇವೆ, ಶನಿವಾರದೊಳಗೆ ಉತ್ತರ ಕೊಡುತ್ತೇವೆ ಎಂದಷ್ಟೇ. ತಪ್ಪಾಯಿತು ಎಂದೂ ಬರೆಯಲಿಲ್ಲ, ತಪ್ಪಿಲ್ಲ ಎಂದೂ ಬರೆಯಲಿಲ್ಲ. ವಾಟ್ಸ್ಯಾಪ್ ಗುಂಪುಗಳಲ್ಲಿ ಪುಟದ ಫೋಟೋ ಆಗಲೇ ಓಡಾಡುತ್ತಿತ್ತು. ನಾವು ಪುಟ ಹಾಕುವ ಗುಂಪುಗಳಲ್ಲಿ "ಈ ವರದಿಯ ಮಾಲೀಕತ್ವದ ಅಂಶವನ್ನು ಮತ್ತೆ ಪರಿಶೀಲಿಸಲಾಗುತ್ತಿದೆ, ದಯವಿಟ್ಟು ಹಂಚಬೇಡಿ" ಎಂದು ಹಾಕಿಸಿದೆ. ಬಾಯಿಂದ ಜಾರಿದ ಮಾತನ್ನು ಹಿಡಿಯುವುದಾದರೂ ಸುಲಭ, ಫೋನಿನಿಂದ ಫೋನಿಗೆ ಹಾರಿದ ಪುಟವನ್ನಲ್ಲ.

ಮರುದಿನ ನಾನೇ ಮಿಲ್ಲಿಗೆ ಹೋದೆ, ವರದಿಗಾರನನ್ನೂ ಕರೆದುಕೊಂಡು. ಹತ್ತಿಯ ಕಾಲ, ಬಾಗಿಲಲ್ಲಿ ಹತ್ತಿ ತುಂಬಿದ ಬೊಲೆರೊ ಗಾಡಿಗಳ ಸಾಲು. ಕಮಾನಿನ ಮೇಲೆ ಆಳೆತ್ತರದ ಸಿಮೆಂಟು ಅಕ್ಷರಗಳಲ್ಲಿ ಸಾವ್ಕಾರರ ತಂದೆಯ ಹೆಸರು, ಈ ವರ್ಷವೂ ಬಣ್ಣ ಕಂಡಿದೆ. ಆದರೆ ಗಾಡಿ ತೂಗುವ ಕಾಟಾದ ಪಕ್ಕ, ಆಫೀಸಿನ ಬಾಗಿಲ ಮೇಲೆ, ಒಂದು ತಗಡಿನ ಬೋರ್ಡು. ಅದರ ಮೇಲೆ ಬೇರೆಯೇ ಕಂಪನಿಯ ಹೆಸರು, ಕೆಳಗೆ ಜಿಎಸ್‌ಟಿ ನಂಬರು. ಲಾರಿಗೆ ಏರುತ್ತಿದ್ದ, ಒತ್ತಿ ಕಟ್ಟಿದ ಹತ್ತಿ ಬೇಲುಗಳ ಚೀಟಿಯ ಮೇಲೂ ಅದೇ ಕಂಪನಿಯ ಗುರುತು. ವರದಿಗಾರ ಅದನ್ನು ನೋಡಿ ನನ್ನ ಮುಖ ನೋಡಿದ. ಕಮಾನು ದೊಡ್ಡದಿತ್ತು, ಬೋರ್ಡು ಚಿಕ್ಕದಿತ್ತು, ನಾವು ದೊಡ್ಡದನ್ನು ಓದಿ ಬಂದಿದ್ದೆವು.

ಆಫೀಸಿನಲ್ಲಿ ಕೂತಿದ್ದವರು ನಲವತ್ತರ ಆಸುಪಾಸಿನ ವ್ಯಕ್ತಿ, ತೆಲುಗು ಕನ್ನಡ ಎರಡನ್ನೂ ಕಲಸಿ ಮಾತಾಡುವವರು. ನಾನು ಯಾರು, ಯಾಕೆ ಬಂದೆ ಎಂದು ಹೇಳಿ, ನೋಟ್‌ಬುಕ್ಕು ಎದುರಿಗೇ ಬಿಚ್ಚಿಟ್ಟೆ. ಬರೆದುಕೊಳ್ಳುತ್ತೇನೆ ಎಂದೂ ಹೇಳಿದೆ. ಇದು ಮುಖ್ಯ. ಮುಚ್ಚಿಟ್ಟು ಕೇಳಿದ ಮಾತು ಅಚ್ಚಿಗೆ ಬಾರದು.

"ಮಿಲ್ ಯಾರ್ದಂತ ನನ್ನ ಕೇಳ್ತೀರಾ ಮೇಡಂ?" ಎಂದು ಅವರು ಡ್ರಾಯರು ಎಳೆದರು. ನಮ್ಮದೇ ಪತ್ರಿಕೆ, ಆ ವರದಿ ಮೇಲೆ ಬರುವಂತೆ ಮಡಚಿದ್ದು. "ಇದುಗೋ, ನೀವೇ ಬರ್ದೀರಲ್ಲ. ಮಿಲ್ ಸಾವ್ಕಾರ್ದು. ನಾನು ಕೂಲಿಗೆ ಜಿನ್ ಹೊಡ್ಕೊಳ್ಳಾವ. ನನ್ನ ಹತ್ತಿ ಅವ್ರ ಮಿಶನ್ಯಾಗ ಹಾಕ್ತೀನಿ, ಅವ್ರಿಗೆ ಕೂಲಿ ಕೊಡ್ತೀನಿ, ಅಷ್ಟೇನಂಡಿ. ಆ ಹೆಂಗಸಿನ ಮನಿಯೋರು ಬಂದಿದ್ರು. ಈ ಪೇಪರ್ ತೋರ್ಸಿ, ಸಾವ್ಕಾರ್ ತಾವ ಹೋಗ್ರಿ ಅಂದೆ."

ಸಾವ್ಕಾರರ ಕಟ್ಟೆಯ ಮೇಲೆ ಕೂತವರನ್ನು ಅಲ್ಲಿಗೆ ಕಳಿಸಿದ್ದು ಊರಿನ ಗಾಳಿಮಾತಲ್ಲ, ನಮ್ಮ ಪತ್ರಿಕೆ. ನಾವು ಬಡವಳ ಪರವಾಗಿ ಬರೆದೆವು ಎಂದುಕೊಂಡ ವರದಿಯನ್ನು ಈ ಮನುಷ್ಯ ತನ್ನ ಎದುರಿಗೆ ಗುರಾಣಿಯಂತೆ ಹಿಡಿದು ಕೂತಿದ್ದ.

ತಗ್ಗು ನೋಡಬಹುದೇ ಎಂದೆ. ಬೇಡವೆನ್ನಲಿಲ್ಲ, ಜೊತೆಗೇ ಬಂದರು. ಬೆಲ್ಟಿನ ಮುಂದೆ ಜಾಲರಿ ಇತ್ತು. ತಂತಿ ಇನ್ನೂ ಹೊಳೆಯುತ್ತಿತ್ತು, ಚೌಕಟ್ಟಿನ ಹಸಿರು ಬಣ್ಣ ಬೆರಳಿಗೆ ಅಂಟಿತು. ಯಾವಾಗ ಹಾಕಿದಿರಿ ಎಂದರೆ, ಮೊದಲಿನಿಂದ ಇದೆ ಎಂದರು. ಅದನ್ನೂ ಬರೆದುಕೊಂಡೆ, ಬೆರಳಿಗೆ ಅಂಟಿದ್ದನ್ನೂ ಬರೆದುಕೊಂಡೆ.

ಹೊರಗೆ ಬರುವಾಗ ಕಮಾನಿನ ಕಡೆ ಕೈ ತೋರಿಸಿ, ಸುಮ್ಮನೆ ಕೇಳಿದಂತೆ ಕೇಳಿದೆ. "ನಿಮ್ ಕಂಪನಿ ಹೆಸರು ಅಲ್ಲಿ ಮ್ಯಾಲೆ ಹಾಕ್ಸಬೌದಿತ್ತಲ್ರಿ? ಜನಕ್ಕೂ ತಿಳೀತಿತ್ತು."

"ಎಲ್ಲಿ ಹಾಕ್ಸೋದು ಮೇಡಂ" ಎಂದು ಅವರು ಬೇಸರದಿಂದ ಅಂದರು. "ಅಪ್ಪನ ಹೆಸ್ರು ತೆಗಿಬಾರ್ದು, ವರ್ಷಾ ವರ್ಷಾ ಪೇಂಟ್ ಹೊಡೀಬೇಕು ಅಂತ ಸಾವ್ಕಾರ್ ಕರಾರಿನ್ಯಾಗೇ ಹಾಕ್ಸ್ಯಾರ."

ಅಂದ ಮೇಲೆ ತಾವು ಬಾಯಿಬಿಟ್ಟದ್ದು ಅವರಿಗೂ ತಿಳಿಯಿತು. ಕೂಲಿ ಕೊಟ್ಟು ಜಿನ್ ಹೊಡೆಸಿಕೊಳ್ಳುವವನಿಗೆ ಕಮಾನಿನ ಮೇಲೆ ಎಂಥ ಕರಾರು? ಹತ್ತಿ ತಂದು, ಅರಳೆ ಒಯ್ಯುವವನಿಗೆ ಬಾಗಿಲ ಬಣ್ಣದ ಗೊಡವೆ ಇರುವುದಿಲ್ಲ. ಮಿಲ್ಲನ್ನೇ ಲೀಸಿಗೆ ಹಿಡಿದವನಿಗೆ ಮಾತ್ರ ಇರುತ್ತದೆ. "ಹಾಗಾದ್ರೆ ಲೀಸು ನಿಮ್ದೇ?" ಎಂದೆ. ಅವರು ಫೋನ್ ಎತ್ತಿಕೊಂಡು ಒಳಗೆ ಹೋದರು, ಮತ್ತೆ ಬರಲಿಲ್ಲ. ಅವರಾಡಿದ ಮಾತನ್ನು ನಾನು ಅಲ್ಲೇ ನಿಂತು, ಅವರ ಪದಗಳಲ್ಲೇ ಬರೆದು, ವರದಿಗಾರನಿಂದಲೂ ಸಹಿ ಮಾಡಿಸಿದೆ.

ಅಲ್ಲಿಂದ ಆಸ್ಪತ್ರೆಗೆ. ಆಕೆ ನಿದ್ದೆಯಲ್ಲಿದ್ದಳು, ಕೈ ಮೊಣಕೈವರೆಗೂ ಬಿಳಿ ಕಟ್ಟು. ಹೊರಗೆ ಅವಳ ತಮ್ಮ ಸಿಕ್ಕ, ಹೊಳಗುಂದದ ಕಡೆಯವನು. ನಾವು ಯಾರೆಂದು ತಿಳಿದಾಗ ಕೈ ಮುಗಿದ. ಹಾಗೆ ಕೈ ಮುಗಿದದ್ದು ನೋಡಿ ನನಗೆ ಬಹಳ ಹಿಂಸೆಯಾಯಿತು.

"ನೀವು ಬರ್ದಿದ್ದು ಚೊಲೋ ಆತ್ರಿ ಅಕ್ಕಾರ. ಇಲ್ಲಾಂದ್ರ ಮಿಲ್ ಯಾರ್ದಂತ ನಮಗೇನ್ ಗೊತ್ರಿ? ಅಕ್ಕನ್ನ ಕೆಲ್ಸಕ್ ಇಟ್ಟಾಂವ ಮೇಸ್ತ್ರಿ, ಆತ ಫೋನೇ ಎತ್ತವಲ್ಲ. ಸಾವ್ಕಾರ್ರು ಬಾಗ್ಲಾನೂ ತೆಗೀಲಿಲ್ರಿ. ವಕೀಲ್ರು ಶನಿವಾರ ನೋಟೀಸ್ ಕಳಿಸ್ತೀನಿ ಅಂದಾರ. ಎವರಿ ಪೇರು, ಯಾರ ಹೆಸ್ರು ಹಾಕೋದು ಅಂದ್ರ ನಿಮ್ ಪೇಪರೇ ಕೊಟ್ ಬಂದೀನಿ."

"ಕಳಿಸಬ್ಯಾಡಪ್ಪ" ಎಂದೆ. "ನಾವು ಬರ್ದದ್ದು ತಪ್ಪೈತಿ. ಮಿಲ್ ನಡ್ಸಾವ್ರು ಬ್ಯಾರೆ. ಶನಿವಾರದ ಪೇಪರ್ ಬರೋತನಕ ತಡೀರಿ ಅಂತ ವಕೀಲ್ರಿಗೆ ಹೇಳು."

ಅವನು ನನ್ನನ್ನೇ ನೋಡಿದ. "ಮತ್ತ ನಾಕ್ ದಿನದಿಂದ ನಾವ್ ಯಾರ್ ಬಾಗ್ಲಾಗ ಕುಂತಿದ್ವಿ ಅಕ್ಕಾರ?"

ಯಾವ ಪತ್ರದ ಸಿಟ್ಟೂ ಆ ಪ್ರಶ್ನೆಯಷ್ಟು ನಾಟಲಿಲ್ಲ.

ಬುಧವಾರ ಸಾವ್ಕಾರರ ಮನೆಗೆ ಹೋದೆ. ಬೆಳಗಿನ ಪೂಜೆ ಮುಗಿದಿತ್ತು, ಹಣೆಯ ವಿಭೂತಿ ಇನ್ನೂ ಹಸಿ. ಕೂರಿಸಿದರು, ಚಹಾ ತರಿಸಿದರು, ಆಮೇಲೆ ಬೈದರು. ಮನೆಗೆ ಬಂದವರಿಗೆ ಚಹಾ ಕೊಡದೆ ಬೈಯುವ ಪದ್ಧತಿ ಆ ಮನೆಯಲ್ಲಿಲ್ಲ.

ಎಲ್ಲ ಕೇಳಿಸಿಕೊಂಡು, "ನಮ್ದು ಎರಡು ತಪ್ಪು ಆಗ್ಯಾವ್ರಿ ಸಾವ್ಕಾರ್ರ" ಎಂದೆ. "ಮಿಲ್ ನೀವು ನಡಸ್ತೀರಿ ಅಂತ ಬರ್ದದ್ದು ಒಂದು. ನಿಮಗ ಫೋನ್ ಮಾಡದ ಸಿಗಲಿಲ್ಲ ಅಂತ ಬರ್ದದ್ದು ಇನ್ನೊಂದು. ಎರಡಕ್ಕೂ ಮೊದಲ್ನೇ ಪುಟದಾಗ, ಅದೇ ಜಾಗದಾಗ ಕ್ಷಮಾ ಕೇಳ್ತೀವಿ."

ಅವರ ಮುಖ ಸ್ವಲ್ಪ ಸಡಿಲಾಯಿತು. "ನನ್ ಪತ್ರ?"

"ಅದ್ರಾಗ ಒಂದ್ ಮಾತ್ ಐತಿ, ಯಾವ ಸಂಬಂಧಾನೂ ಇಲ್ಲ ಅಂತ. ಅದನ್ನ ಹಾಕಾಕ ಬರಾಂಗಿಲ್ರಿ. ಮಿಲ್ ಲೀಸಿಗೆ ಕೊಟ್ಟೀರಿ. ಕಮಾನಿನ ಹೆಸರು ತೆಗಿಬಾರ್ದು ಅಂತ ಕರಾರು ಮಾಡ್ಸೀರಿ."

ಅವರು ಎದ್ದು ನಿಂತರು. ನಾನು ಕೂತೇ ಇದ್ದೆ. ಅವರು ಗೋಡೆಯ ಮೇಲಿನ ತಂದೆಯ ಫೋಟೋದ ಕಡೆ ತಿರುಗಿದರು.

"ಲೀಸು ಅಂತ ಬರದ್ರಿ ಅಂದ್ರ ನಾನೂ ಕೇಸಿನ್ಯಾಗ ಬರ್ತೀನಿ. ಕೋರ್ಟು, ಕಚೇರಿ. ಈ ವಯಸ್ಸಿನ್ಯಾಗ ನನಗ್ಯಾಕ್ ಬೇಕ್ರಿ? ಸಂಬಂಧ ಇಲ್ಲ ಅಂದ್ಬಿಟ್ರ ಮುಗೀತು. ಪತ್ರ ನಂದು, ಸಹಿ ನಂದು, ಜವಾಬ್ದಾರಿ ನಂದು. ನಿಮಗೇನ್ ತ್ರಾಸು?"

ವರದಿಗಾರನೂ ನನಗೆ ಇದನ್ನೇ ಹೇಳಿದ್ದ. ಅವರ ಪತ್ರ, ಅವರ ಮಾತು, ಹಾಕಿ ಕೈ ತೊಳೆದುಕೊಳ್ಳೋಣ ಎಂದು. ಸುಲಭದ ದಾರಿ. ಆದರೆ ಓದುಗರ ಪತ್ರದಲ್ಲಿ ಬಂದ ಮಾತಿಗೂ ಸಂಪಾದಕರೇ ಹೊಣೆ. ಸುಳ್ಳೆಂದು ತಿಳಿದ ಮೇಲೆ ಅಚ್ಚು ಹಾಕಿದರೆ ಅದು ಅವರ ಸುಳ್ಳಲ್ಲ, ನಮ್ಮದು. ಪತ್ರವನ್ನು ಚಿಕ್ಕದು ಮಾಡುವ ಹಕ್ಕು ನನಗಿದೆ, ಅರ್ಥ ಬದಲಿಸುವ ಹಕ್ಕಿಲ್ಲ. ಆ ಒಂದು ಸಾಲು ಕಿತ್ತು ಉಳಿದದ್ದನ್ನು ಅವರ ಸಹಿಯೊಂದಿಗೆ ಹಾಕುವುದೂ ಮೋಸವೇ.

ಇಷ್ಟನ್ನೂ ಹೇಳಿ, ಮಿಲ್ಲಿನಲ್ಲಿ ಕೇಳಿದ್ದನ್ನೂ ಹೇಳಿದೆ. "ಆತ ಏನಂತಾನ ಗೊತ್ತೇನ್ರಿ? ನಾನು ಕೂಲಿಗೆ ಜಿನ್ ಹೊಡ್ಸಾವ, ಮಿಲ್ ಸಾವ್ಕಾರ್ದು ಅಂತಾನ. ನೀವು ಸಂಬಂಧ ಇಲ್ಲ ಅಂತೀರಿ. ಆತನೂ ಇಲ್ಲ, ನೀವೂ ಇಲ್ಲ. ಹಂಗಾದ್ರ ಆಕಿ ಕೈ ಯಾರ ಮಿಲ್ಲಿನ್ಯಾಗ ಹೋತ್ರಿ?"

"ನನ್ನ ಅಂಜಸಾಕ ಬಂದೀರೇನು?"

"ಇಲ್ರಿ. ತಿದ್ದುಪಡಿ ನೀವೇನ್ ಮಾಡಿದ್ರೂ ಬರ್ತೈತಿ."

ಚಹಾ ತಣ್ಣಗಾಗಿತ್ತು. ಅವರು ಬಾಗಿಲವರೆಗೂ ಬಂದು ಕಳಿಸಲಿಲ್ಲ.

ಗುರುವಾರ ಇಡೀ ದಿನ ಉತ್ತರ ಬರೆದೆ. ಓದುವವರಿಗೆ ಒಂದು ಪುಟ, ಬರೆಯುವವರಿಗೆ ಒಂದು ಹೊಲ ಉತ್ತಷ್ಟು ಕೆಲಸ. ಮೊದಲ ಪ್ರತಿಯಲ್ಲಿ "ಆದರೆ" ಎಂಬ ಮಾತು ಕ್ಷಮೆಯ ಬೆನ್ನಿಗೇ ಬಂದಿತ್ತು. ತೆಗೆದೆ. ಕ್ಷಮೆ ಕೇಳಿದ ಮೇಲೆ ಪೂರ್ಣವಿರಾಮ ಇರಬೇಕು, ಬೇರೆ ಮಾತು ಬೇರೆ ಪ್ಯಾರಾದಲ್ಲಿ. "ಕಣ್ತಪ್ಪಿನಿಂದ" ಎಂದು ಬರೆದಿದ್ದೆ, ಅದನ್ನೂ ತೆಗೆದೆ. ಕಣ್ಣು ತಪ್ಪಿರಲಿಲ್ಲ, ನಾವು ಕೇಳಿರಲಿಲ್ಲ. "ನಿಮ್ಮ ಮನಸ್ಸಿಗೆ ನೋವಾಗಿದ್ದರೆ" ಎಂಬುದರ "ದರೆ" ನೋಡಿ ನನಗೇ ನಾಚಿಕೆಯಾಯಿತು. ಕೊನೆಗೆ ಉಳಿದದ್ದು ಇದು:

"ಮಾನ್ಯರೇ, ನಿಮ್ಮ ಸಿಟ್ಟಿಗೆ ಕಾರಣವಿದೆ. ಮಿಲ್ಲನ್ನು ನೀವು ನಡೆಸುತ್ತಿದ್ದೀರಿ ಎಂದು ಬರೆದದ್ದು ತಪ್ಪು. ಕಮಾನಿನ ಮೇಲಿನ ಹೆಸರನ್ನು ನಂಬಿ, ಬೇರೆ ಆಧಾರ ನೋಡದೆ ಬರೆದೆವು. ನಿಮಗೆ ಫೋನ್ ಮಾಡದೆಯೇ, ಸಂಪರ್ಕಕ್ಕೆ ಸಿಗಲಿಲ್ಲ ಎಂದು ಬರೆದದ್ದೂ ತಪ್ಪು. ಎರಡಕ್ಕೂ ಕ್ಷಮೆ ಕೇಳುತ್ತೇವೆ. ಇದರಿಂದ ನಿಮ್ಮ ಮನೆಯ ಬಾಗಿಲಿಗೆ ಬಂದ ತೊಂದರೆಗೂ ನಾವೇ ಕಾರಣ.

ಜಾಲರಿ ಇರಲಿಲ್ಲ ಎಂಬ ಮಾತನ್ನು ಹಿಂದಕ್ಕೆ ಪಡೆಯುವುದಿಲ್ಲ. ಅದಕ್ಕೆ ನಮ್ಮಲ್ಲಿ ಆಧಾರವಿದೆ.

ಯಾವ ಸಂಬಂಧವೂ ಇಲ್ಲ ಎಂಬ ನಿಮ್ಮ ಸಾಲನ್ನು ಅಚ್ಚು ಮಾಡಲಾರೆವು, ಅದು ನಿಜವಲ್ಲ. ಮಿಲ್ಲನ್ನು ಇಂಥವರಿಗೆ ಲೀಸಿಗೆ ಕೊಟ್ಟಿದ್ದೇನೆ, ನಡೆಸುವವರು ಅವರು ಎಂದು ನೀವೇ ಬರೆದರೆ ನಿಮ್ಮ ಪತ್ರವನ್ನು ತಿದ್ದುಪಡಿಯ ಪಕ್ಕದಲ್ಲೇ, ಬೈಗುಳವೂ ಸೇರಿದಂತೆ ಪೂರ್ತಿ ಹಾಕುತ್ತೇವೆ. ಮುಚ್ಚಿಟ್ಟರೆ ನಿಮ್ಮ ತಂದೆಯವರ ಹೆಸರಿನ ಹಿಂದೆ ಬೇರೆಯವರು ಅಡಗುತ್ತಾರೆ. ಕಮಾನಿನ ಮೇಲೆ ಆ ಹೆಸರು ಉಳಿಯಬೇಕೆಂದು ಬಯಸಿದವರು ನೀವು. ಅದರ ಕೆಳಗೆ ಏನು ನಡೆಯಿತೆಂದು ಹೇಳಬಲ್ಲವರೂ ನೀವೇ. ಲೀಸಿನಿಂದ ನಿಮಗೆ ಬರುವ ಹೊಣೆ ಎಷ್ಟು ಎಂಬುದನ್ನು ನಿಮ್ಮ ವಕೀಲರನ್ನು ಕೇಳಿ, ನಾನು ಹೇಳಬಲ್ಲವಳಲ್ಲ."

ಕೊನೆಯ ವಾಕ್ಯ ಅಳಿಸಿ, ಮತ್ತೆ ಸೇರಿಸಿದೆ. ಯಂತ್ರದ ಸುರಕ್ಷತೆಗೆ ಕಾರ್ಖಾನೆ ನಡೆಸುವವರೇ ಹೊಣೆ, ಕಟ್ಟಡದ ಒಡೆಯರಲ್ಲ ಎಂದು ನನಗೆ ಗೊತ್ತಿದ್ದಷ್ಟು ಹೇಳಿ ಅವರನ್ನು ಒಪ್ಪಿಸಬಹುದಿತ್ತು. ಆದರೆ ಅದು ಸಂಪಾದಕಿಯ ಕೆಲಸವಲ್ಲ. ಉತ್ತರವನ್ನು ಗುರುವಾರ ಸಂಜೆಯೇ ಅವರ ಆಳು ಮಾಡಿದಂತೆಯೇ ಸಹಿ ತೆಗೆದುಕೊಂಡು ತಲುಪಿಸಿದೆವು.

ಶುಕ್ರವಾರ ಮಧ್ಯಾಹ್ನದೊಳಗೆ ಪುಟಗಳು ಬಳ್ಳಾರಿಯ ಮುದ್ರಣಾಲಯಕ್ಕೆ ಹೋಗಬೇಕು. ಬೆಳಿಗ್ಗೆ ಮಿಲ್ಲಿನವರಿಗೆ ಫೋನ್ ಮಾಡಿ, ಏನು ಬರೆಯುತ್ತಿದ್ದೇನೆ ಎಂದು ಓದಿ ಹೇಳಿ, ನಿಮ್ಮ ಮಾತೇನು ಎಂದು ಕೇಳಿದೆ. "ನೀಕು ದಮ್ಮುಂಟೆ ಬರೀರಿ" ಎಂದು ಇಟ್ಟುಬಿಟ್ಟರು. ಧೈರ್ಯವಿದ್ದರೆ ಬರೀರಿ ಎಂದು ಅರ್ಥ. ಇಟ್ಟ ಮೇಲೆ ಜಾಹೀರಾತಿನ ಪಟ್ಟಿ ತೆಗೆದು ನೋಡಿದೆ, ಸುಳ್ಳು ಯಾಕೆ ಹೇಳಲಿ. ವಾರಪತ್ರಿಕೆಗೆ ಹತ್ತಿ ಮಿಲ್ಲುಗಳ ಜಾಹೀರಾತೇ ಹೊಟ್ಟೆಗೆ ಅನ್ನ.

ತಿದ್ದುಪಡಿ ಹೀಗೆ ಕೂತಿತು: "ಕಳೆದ ವಾರ ಈ ಪುಟದಲ್ಲಿ ಪ್ರಕಟವಾದ ಅಪಘಾತದ ವರದಿಯಲ್ಲಿ ಮಿಲ್ಲಿನ ಮಾಲೀಕರೆಂದು ಹೆಸರಿಸಿದವರು ಅದನ್ನು ನಡೆಸುತ್ತಿಲ್ಲ. ಸ್ಥಳದಲ್ಲಿರುವ ಬೋರ್ಡು ಮತ್ತು ಬೇಲುಗಳ ಗುರುತಿನ ಪ್ರಕಾರ ನಡೆಸುತ್ತಿರುವುದು ಬೇರೊಂದು ಸಂಸ್ಥೆ" ಎಂದು, ಮುಂದೆ ಆ ಸಂಸ್ಥೆಯ ಹೆಸರು. ಅದರವರು ತಾವು ಕೂಲಿಗೆ ಜಿನ್ ಮಾಡಿಸುವವರು ಮಾತ್ರ ಎಂದದ್ದು, ಜೊತೆಗೆ ಕಮಾನಿನ ಕರಾರಿನ ಬಗ್ಗೆ ತಾವೇ ಹೇಳಿದ್ದು, ಎರಡನ್ನೂ ಹಾಕಿದೆ. ಮಾತು ಕೊಟ್ಟಂತೆ ನಮ್ಮ ಎರಡು ತಪ್ಪಿಗೂ ಕ್ಷಮೆ ಕೇಳಿದ್ದೆ. ಹಳೆಯ ತಪ್ಪನ್ನು ಮತ್ತೆ ಉದ್ಧರಿಸಲಿಲ್ಲ. ತಪ್ಪನ್ನು ತಿದ್ದುವ ನೆಪದಲ್ಲಿ ಇನ್ನೊಮ್ಮೆ ಹೇಳಿದರೆ ನೆನಪಿನಲ್ಲಿ ಉಳಿಯುವುದು ಅದೇ. ಪಕ್ಕದಲ್ಲಿ ಪತ್ರದಷ್ಟು ಜಾಗ ಖಾಲಿ ಬಿಟ್ಟೆ. ಬಾರದಿದ್ದರೆ ತುಂಬಲು ತುಂಗಭದ್ರಾ ಕಾಲುವೆಯ ನೀರಿನ ಸುದ್ದಿ ಸಿದ್ಧವಿತ್ತು.

ಬಳ್ಳಾರಿಯವರು ಎರಡು ಸಲ ಫೋನ್ ಮಾಡಿದರು. ವರದಿಗಾರ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ನೀರಿನ ಸುದ್ದಿಯನ್ನು ಆ ಜಾಗಕ್ಕೆ ಎಳೆದು ಹಾಕಿದ್ದೆ, ಕಳಿಸುವುದೊಂದೇ ಬಾಕಿ.

"ಮೇಡಂ, ಕಾರು" ಎಂದ ಅವನು.

ಸಾವ್ಕಾರರು ತಾವೇ ಬಂದಿದ್ದರು. ಕೂರಲಿಲ್ಲ. ಎರಡಾಗಿ ಮಡಚಿದ ಹಾಳೆಯನ್ನು ಮೇಜಿನ ಮೇಲಿಟ್ಟರು. ಅದೇ ಮುತ್ತಿನಂಥ ಅಕ್ಷರ, ಬೈಗುಳ ಒಂದೂ ಕಡಿಮೆಯಾಗಿರಲಿಲ್ಲ. ಜಾಲರಿಯ ಸಾಲು ಮಾತ್ರ ಇರಲಿಲ್ಲ. "ಯಾವ ಸಂಬಂಧವೂ ಇಲ್ಲ" ಎಂಬಲ್ಲಿ ಬೇರೆ ಸಾಲಿತ್ತು. "ಕಟ್ಟಡ ಮತ್ತು ಯಂತ್ರಗಳನ್ನು ಇಂಥ ಕಂಪನಿಯವರಿಗೆ ಲೀಸಿಗೆ ಕೊಟ್ಟಿದ್ದೇನೆ. ನಡೆಸುವವರು, ಕೆಲಸಕ್ಕೆ ಜನರನ್ನು ಇಡುವವರು ಅವರು. ಕರಾರುಪತ್ರವನ್ನು ಕೇಳಿದವರಿಗೆ ತೋರಿಸುತ್ತೇನೆ."

"ವಕೀಲ್ರ ಕೇಳಿದೆ" ಎಂದರು. "ಮುಚ್ಚಿದ್ರನ ಗಂಡಾಂತರ ಅಂದ್ರು. ನಿಮ್ ಮಾತಿಗೆ ಬರದಿಲ್ಲ ತಂಗಿ. ನಮ್ಮಪ್ಪನ ಹೆಸರಿನ ಹಿಂದ ಅಂವ ಅಡಗ್ಯಾನ ಅಂತ ಬರದಿದ್ರಿ ನೋಡು, ಅದು ರಾತ್ರಿ ನಿದ್ದಿ ಮಾಡಗೊಡಲಿಲ್ಲ." ಬಾಗಿಲಲ್ಲಿ ನಿಂತು, "ಪೇಪರ್ ಮಾತ್ರ ಇನ್ ಮ್ಯಾಲೆ ಮನಿಗೆ ಕಳಿಸಬ್ಯಾಡ್ರಿ" ಎಂದರು.

ಅವರ ಪತ್ರವನ್ನು ಒಂದಕ್ಷರ ಬಿಡದೆ ಟೈಪು ಮಾಡಿದೆ, ನನ್ನನ್ನು ಬೈದದ್ದನ್ನೂ. ಕಾಲುವೆಯ ನೀರು ಮೂರನೇ ಪುಟಕ್ಕೆ ಹೋಯಿತು.

ಶನಿವಾರ ಬಸ್ಸಿನಿಂದ ಕಟ್ಟುಗಳು ಇಳಿದ ಕೂಡಲೇ ಮೊದಲ ಪ್ರತಿಗಳು ಆಸ್ಪತ್ರೆಗೆ. ತಮ್ಮ ಅದನ್ನು ವಕೀಲರಿಗೆ ಒಯ್ದ. ನೋಟೀಸು ಸರಿಯಾದ ವಿಳಾಸಕ್ಕೆ ಹೋಯಿತು, ಜೊತೆಗೆ ಸಾವ್ಕಾರರ ಕರಾರಿನ ಪ್ರತಿ. ಮಿಲ್ಲಿನವರು ಜಾಹೀರಾತು ನಿಲ್ಲಿಸಿದರು, ಅವರ ಸ್ನೇಹಿತರೂ ನಿಲ್ಲಿಸಿದರು. ನಾನು ಗೆದ್ದವಳಂತೆ ಎರಡು ದಿನ ಬೀಗಿದೆ ಎಂದು ಒಪ್ಪಿಕೊಳ್ಳಬೇಕು. ನಮ್ಮ ಉತ್ತರ, ನಮ್ಮ ತಿದ್ದುಪಡಿ, ಎಷ್ಟು ಚೊಕ್ಕ ಎಂದು.

ಕೆಲವು ವಾರಗಳಾದ ಮೇಲೆ ಆಕೆ ತಮ್ಮನೊಂದಿಗೆ ಕಚೇರಿಗೆ ಬಂದಳು. ನನಗಿಂತ ಚಿಕ್ಕವಳು. ಕಟ್ಟು ಬಿಚ್ಚಿದ್ದರು, ಬಲಗೈಯನ್ನು ಸೆರಗಿನೊಳಗೇ ಇಟ್ಟುಕೊಂಡಿದ್ದಳು. ಮಿಲ್ಲಿನವರು ಮಾತಿಗೆ ಬಂದಿದ್ದಾರೆ, ಕೇಸು ನಡೆಯುತ್ತಿದೆ ಎಂದಳು. ಪೇಪರಿನಲ್ಲಿ ಏನೇನು ಬರೆದಿರಿ, ಪೂರ್ತಿ ಓದಿ ಹೇಳಿ ಎಂದಳು. ಅವಳಿಗೆ ಓದು ಬರದು.

ಓದಿದೆ. ಮೊದಲ ವರದಿ, ತಿದ್ದುಪಡಿ, ಸಾವ್ಕಾರರ ಪತ್ರ. ಸಾವ್ಕಾರರ ಹೆಸರು ಬಂತು, ಅವರ ತಂದೆಯ ಹೆಸರು ಬಂತು, ಕಂಪನಿಯ ಹೆಸರು ಬಂತು. ಅವಳು ಎಡಗೈಯಿಂದ ಕಾಗದ ಮುಟ್ಟಿ ನೋಡಿದಳು.

"ಇದ್ರಾಗ ನನ್ ಹೆಸ್ರು ಎಲ್ಲೈತ್ರಿ ಅಕ್ಕಾರ?"

ಹುಡುಕುವಂತೆ ನಟಿಸುವ ಅಗತ್ಯವಿರಲಿಲ್ಲ. ಮೂರು ಕಡೆಯೂ ಆಕೆ 'ಕೂಲಿ ಮಹಿಳೆ'. ಹೆಸರು ತಪ್ಪಾದರೆ ಪತ್ರ ಬರೆದು ಬೈಯುವವರಿದ್ದರು. ಹೆಸರೇ ಇಲ್ಲ ಎಂದು ಬೈಯಲು ಯಾರೂ ಬಂದಿರಲಿಲ್ಲ. ನಾನು ಗೆರೆ ಹಾಕಿ ಹಾಕಿ ಪರೀಕ್ಷಿಸಿದ ಯಾವ ಸಾಲಿನಲ್ಲೂ ಆ ಪ್ರಶ್ನೆ ಬಂದಿರಲಿಲ್ಲ.

"ಹಾಕಬೇಕೇನವ್ವ?" ಎಂದೆ.

"ಕೈ ಹೋದದ್ದು ನಂದಲ್ಲೇನ್ರಿ" ಎಂದಳು.

ಆ ಶನಿವಾರ ಮೊದಲ ಪುಟದಲ್ಲಿ, ಅದೇ ಜಾಗದಲ್ಲಿ, ಆಕೆಯ ಹೆಸರು ಹೇಳುವ ಎರಡನೇ ತಿದ್ದುಪಡಿ ಹಾಕಿದೆ. ಯಾರೂ ಪತ್ರ ಬರೆದು ಕೇಳದ ತಿದ್ದುಪಡಿ. ಈ ಬರಹದಲ್ಲಿ ಎಲ್ಲರ ಹೆಸರನ್ನೂ ಬಿಟ್ಟಿದ್ದೇನೆ, ಆಕೆಯನ್ನು ಕೇಳಿಕೊಂಡು ಆಕೆಯದೊಂದನ್ನು ಬರೆಯುತ್ತಿದ್ದೇನೆ. ಉರುಕುಂದಮ್ಮ.